ಅಜ್ಜಿಗೆ ಬುಗುರಿ ಬೇಕಿತ್ತು: ಆಟಿಕೆ ಅಂಗಡಿಗೆ ಹಬ್ಬದ ಕಥೆ ಬರೆದ ನನ್ನ ಅನುಭವ

ಬೆಂಗಳೂರಿನ ಒಂದು ಆಟಿಕೆ ಅಂಗಡಿಗೆ ಹಬ್ಬ ಬಂದಾಗಲೆಲ್ಲ ನಾನು ನ್ಯೂಸ್‌ಲೆಟರ್ ಬರೆದುಕೊಡುತ್ತೇನೆ. ದೊಡ್ಡ ಅಂಗಡಿ ಏನಲ್ಲ. ಮರದ ಆಟಿಕೆ ಜಾಸ್ತಿ, ಅದರಲ್ಲೂ ಚನ್ನಪಟ್ಟಣದ್ದು. ನ್ಯೂಸ್‌ಲೆಟರ್ ಅಂದರೆ ಒಂದು ಎ4 ಹಾಳೆ, ನಡುವೆ ಮಡಚಿದ್ದು. ಸಾಮಾನು ಕೊಂಡವರ ಚೀಲಕ್ಕೆ ಒಂದೊಂದು ಹಾಕುತ್ತಾರೆ. ಹಳೇ ಗಿರಾಕಿಗಳಿಗೆ ವಾಟ್ಸ್ಆ್ಯಪ್‌ನಲ್ಲೂ ಹೋಗುತ್ತದೆ. ಹೊರಗಿನ ಎರಡು ಪುಟ ಆಟಿಕೆಗಳ ಫೋಟೊ, ಬೆಲೆ. ಒಳಗಿನ ಎರಡು ಪುಟ ಕಥೆ, ಒಂದು ಚಿತ್ರದ ಜೊತೆ. ಹೆಚ್ಚೆಂದರೆ ಮುನ್ನೂರೈವತ್ತು ಪದ.

ದಸರಾ ಸಂಚಿಕೆಗೆ ಅಂಗಡಿ ಯಜಮಾನರು ಹೇಳಿದ್ದು ಇಷ್ಟೇ: "ಒಂದು ಅಜ್ಜಿ, ಒಂದು ಮರದ ಆಟಿಕೆ. ಓದಿದವರ ಕಣ್ಣಲ್ಲಿ ನೀರು ಬರ್ಬೇಕು ಮೇಡಂ."

ಕಣ್ಣೀರು ತರಿಸುವುದು ಕಷ್ಟ ಅಲ್ಲ. ಅಟ್ಟದ ಮೇಲೆ ಒಂದು ಟ್ರಂಕು, ಅದರೊಳಗೆ ಧೂಳು ಹಿಡಿದ ಗೊಂಬೆ, ಗೋಡೆ ಮೇಲೆ ಹಾರ ಹಾಕಿದ ಅಜ್ಜಿಯ ಫೋಟೊ. ಮುಗಿಯಿತು. ಇಂಥ ಕಥೆಗಳಲ್ಲಿ ಅಜ್ಜಿಗೆ ಇರುವ ಕೆಲಸ ಒಂದೇ, ನೆನಪಾಗುವುದು. ಅವಳಿಗೆ ಏನೂ ಬೇಕಾಗಿರುವುದಿಲ್ಲ, ಅವಳು ಏನೂ ಮಾಡುವುದಿಲ್ಲ. ಸೊಂಟ ಹಿಡಿದುಕೊಂಡು ನಕ್ಕು, ಮೊಮ್ಮಗುವಿನ ತಲೆ ಸವರಿ, ಸತ್ತುಹೋಗುತ್ತಾಳೆ. ವ್ಯಾಪಾರದ ಲೆಕ್ಕಕ್ಕೂ ಇದು ಸರಿಬರುವುದಿಲ್ಲ. ಸತ್ತವರ ಆಟಿಕೆ ಓದಿ ಅತ್ತವರು ಅಂಗಡಿಗೆ ಬಂದು ಹೊಸ ಆಟಿಕೆ ಯಾಕೆ ಕೊಳ್ಳುತ್ತಾರೆ? ಮನೆಯ ಅಟ್ಟ ಹುಡುಕುತ್ತಾರೆ. ಈ ಮಾತನ್ನು ಯಜಮಾನರಿಗೆ ಹೇಳಿದೆ. ಅವರು ನಕ್ಕರು. "ಸರಿ, ಅಜ್ಜಿನ ಬದುಕಿಸಿ" ಅಂದರು.

ಕಥೆಗೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿತ್ತು. ಈ ಹಾಳೆ ಓದುವವರ ಕೈಗೆ ಯಾವ ದಿನ ಸಿಗುತ್ತದೆ? ಗೊಂಬೆ ಕೂರಿಸುವುದು ನವರಾತ್ರಿಯ ಪಾಡ್ಯದ ದಿನ. ಅದರ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಅದಕ್ಕೂ ಹಿಂದೆ ಪಿತೃಪಕ್ಷ. ಪಕ್ಷದಲ್ಲಿ ಹೊಸದು ಕೊಳ್ಳಬಾರದು ಅನ್ನುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಈ ಅಂಗಡಿಯಲ್ಲಿ ನಿಜವಾದ ನೂಕುನುಗ್ಗಲು ಅಮಾವಾಸ್ಯೆ ಸಂಜೆಯಿಂದ ಶುರುವಾಗಿ ಸರಸ್ವತಿ ಪೂಜೆವರೆಗೆ ಇರುತ್ತದೆ. ಗೊಂಬೆ ನೋಡಲು ಬರುವ ಮಕ್ಕಳಿಗೆ ಕೊಡಲು ಸಣ್ಣಪುಟ್ಟ ಸಾಮಾನು ಕೊಳ್ಳುವವರೂ ಆಗಲೇ ಬರುವುದು. ಅಂದಮೇಲೆ ಕಥೆ ವಿಜಯದಶಮಿಗೆ ಹೋಗಿ ಮುಗಿಯಬಾರದು. ಪಟ್ಟದ ಗೊಂಬೆಯನ್ನು ಮಲಗಿಸಿ ಹಬ್ಬ ಮುಗಿಸುವ ದೃಶ್ಯ ಬರೆಯಲು ಚೆನ್ನಾಗಿರುತ್ತದೆ. ಆದರೆ ಓದುವವರ ಮನೆಯಲ್ಲಿ ಹಬ್ಬ ಈಗ ತಾನೇ ಶುರುವಾಗಿರುತ್ತದಲ್ಲ. ಕಥೆಯೊಳಗೆ ಪಾಡ್ಯ, ಬಿದಿಗೆ, ತದಿಗೆ ಇಷ್ಟೇ ಇರಲಿ, ಉಳಿದ ದಿನಗಳು ಖಾಲಿ ಇರಲಿ ಅಂತ ಮೊದಲೇ ಗೆರೆ ಹಾಕಿಕೊಂಡೆ.

ಆಮೇಲೆ ಆಟಿಕೆ. ಯಜಮಾನರಿಗೆ ಪಟ್ಟದ ಗೊಂಬೆ ಇಷ್ಟ. ರಾಜ-ರಾಣಿ ಜೋಡಿ, ಮದುವೆಯಲ್ಲಿ ತವರಿನಿಂದ ಮಗಳ ಜೊತೆ ಬರುವುದು, ಬೆಲೆಯೂ ಚೆನ್ನಾಗಿ ಬರುತ್ತದೆ. ನನಗೆ ಅದು ಬೇಡವಾಗಿತ್ತು. ಪಟ್ಟದ ಗೊಂಬೆಗೆ ಬಟ್ಟೆ ಉಡಿಸುತ್ತೇವೆ, ಕೂರಿಸುತ್ತೇವೆ, ಆರತಿ ಎತ್ತುತ್ತೇವೆ. ಅದರ ಜೊತೆ ಆಡುವುದಿಲ್ಲ. ಅದನ್ನು ನೋಡಿ ಅಜ್ಜಿ ನೆನಪು ಮಾಡಿಕೊಳ್ಳುವುದು ಬಿಟ್ಟು ಬೇರೇನೂ ಮಾಡುವ ಹಾಗಿಲ್ಲ. ಮತ್ತೆ ಅದೇ ಟ್ರಂಕಿನ ಕಥೆ! ಮುನ್ನೂರೈವತ್ತು ಪದದಲ್ಲಿ ಕಥೆ ನಡೆಯಬೇಕಾದರೆ ಆಟಿಕೆ ಕೈಗೆ ಏನಾದರೂ ಕೆಲಸ ಕೊಡಬೇಕು. ತಿರುಗಬೇಕು, ಉರುಳಬೇಕು, ಬೀಳಬೇಕು.

ಮೊದಲು ನನಗೆ ಹೊಳೆದದ್ದು ಬೇರೆ ಕಥೆ. ಮೊಮ್ಮಗಳು ಅಜ್ಜಿಯ ಹಳೇ ಚನ್ನಪಟ್ಟಣದ ಗೊಂಬೆಯನ್ನು ಹಬ್ಬಕ್ಕೆ ಹೊಳೆಯಲಿ ಅಂತ ಸ್ಯಾನಿಟೈಸರ್ ಹಾಕಿ ಒರೆಸುತ್ತಾಳೆ. ಹತ್ತಿಗೆ ಕೆಂಪು ಬಣ್ಣ ಅಂಟಿಕೊಂಡು ಬರುತ್ತದೆ. ಮಗು ಗಾಬರಿ. ಅಜ್ಜಿ ಬೈಯುವುದಿಲ್ಲ, ತಾನೂ ಚಿಕ್ಕಂದಿನಲ್ಲಿ ಮಾಡಿದ ಇಂಥದೇ ಒಂದು ಘನಕಾರ್ಯ ಹೇಳುತ್ತಾಳೆ. ಇದರಲ್ಲಿ ಸುಳ್ಳೇನಿಲ್ಲ. ಚನ್ನಪಟ್ಟಣದ ಆಟಿಕೆಗೆ ಹಚ್ಚುವುದು ಅರಗು. ಅರಗು ನೀರಲ್ಲಿ ಕರಗುವುದಿಲ್ಲ, ಆಲ್ಕೊಹಾಲ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ತಾಗಿದರೆ ಮೈ ಜಿಗುಟಾಗುತ್ತದೆ, ಹೊಳಪು ಹೋಗುತ್ತದೆ, ಉಜ್ಜಿದರೆ ಬಣ್ಣ ಬಟ್ಟೆಗೆ ಹತ್ತುತ್ತದೆ.

ಯಜಮಾನರು ಓದಿ ಹಾಳೆ ಕೆಳಗಿಟ್ಟರು. "ಕಥೆ ಚೆನ್ನಾಗಿದೆ. ಆದ್ರೆ ನನ್ನ ಅಂಗಡಿ ಕಾಗದದಲ್ಲಿ, ನನ್ನ ಆಟಿಕೆ ಬಣ್ಣ ಬಿಡುತ್ತೆ ಅಂತ ನಾನೇ ಅಚ್ಚು ಹಾಕ್ಸೋದಾ?"

ನ್ಯಾಯವಾದ ಮಾತೇ. ಸ್ಯಾನಿಟೈಸರ್ ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಬಣ್ಣ ಬಿಟ್ಟಿತು ಅನ್ನುವುದೊಂದು ನೆನಪಿರುತ್ತದೆ. ಆಟಿಕೆಯನ್ನು ಬಾಯಿಗೆ ಹಾಕುವ ಮಗು ಇರುವ ಮನೆಯಲ್ಲಂತೂ ಅಷ್ಟೇ ಸಾಕು. ಆ ಕಥೆ ನನಗೆ ಈಗಲೂ ಇಷ್ಟ. ಬೇರೆ ಎಲ್ಲಾದರೂ ಬರೆದುಕೊಳ್ಳುತ್ತೇನೆ.

ಬುಗುರಿ ಸಿಕ್ಕಿದ್ದು ಅಂಗಡಿಯ ಕೆಳಗಿನ ಕಪಾಟಿನಲ್ಲಿ. ದಾರ ಸುತ್ತಿ ಬೀಸುವ ಮೊಳೆ ಬುಗುರಿ ಅಲ್ಲ. ಮೇಲೆ ಕಡ್ಡಿ ಇರುವ, ಬೆರಳಲ್ಲಿ ಹಿಡಿದು ತಿರುಗಿಸುವ ಬಣ್ಣದ ಬುಗುರಿ. ಅದರಲ್ಲಿ ಎರಡು ಥರ ಇದ್ದವು. ಒಂದಕ್ಕೆ ಕಡ್ಡಿ ಮೋಟು. ಇನ್ನೊಂದಕ್ಕೆ ನಾಲ್ಕು ಬೆರಳಗಲ ಉದ್ದ. ಉದ್ದ ಕಡ್ಡಿಯದು ಯಾಕೋ ಹೋಗುತ್ತಿಲ್ಲ ಅಂದರು ಯಜಮಾನರು. ಎರಡನ್ನೂ ಮನೆಗೆ ತಂದೆ.

ಆಟಿಕೆ ಬಗ್ಗೆ ಬರೆಯುವ ಮುಂಚೆ ಅದನ್ನು ಆಡಿ ನೋಡುವುದು ನನ್ನ ಅಭ್ಯಾಸ. ಫೋಟೊ ನೋಡಿ ಬರೆದರೆ "ಬಣ್ಣಬಣ್ಣದ" ಅನ್ನುವ ಪದ ಬಿಟ್ಟು ಇನ್ನೇನೂ ಹುಟ್ಟುವುದಿಲ್ಲ. ಮೋಟು ಕಡ್ಡಿಯದನ್ನು ಹೆಬ್ಬೆರಳು, ತೋರುಬೆರಳಲ್ಲಿ ಚಿಟಿಕೆ ಹೊಡೆದ ಹಾಗೆ ತಿರುಗಿಸಬೇಕು. ಆಗ ಹೆಬ್ಬೆರಳ ಬುಡದ ಕೀಲಿಗೆ ಎಷ್ಟು ಕೆಲಸ ಬೀಳುತ್ತದೆ ಅಂತ ಗೊತ್ತಾಗುತ್ತದೆ. ವಯಸ್ಸಾದವರಿಗೆ ಮೊದಲು ನೋವು ಬರುವ ಜಾಗಗಳಲ್ಲಿ ಅದೂ ಒಂದು. ಉದ್ದ ಕಡ್ಡಿಯದನ್ನು ಸುಮ್ನೆ ಎರಡು ಅಂಗೈ ನಡುವೆ ಇಟ್ಟು ಉಜ್ಜಿ ಬಿಟ್ಟೆ. ಅದು ಬೆರಳಲ್ಲಿ ತಿರುಗಿಸಿದ್ದಕ್ಕಿಂತ ಎಷ್ಟೋ ಹೊತ್ತು ನಿಂತಿತು. ಕಾರಣ ಸುಲಭ. ಬೆರಳು ಕಡ್ಡಿಯನ್ನು ಒಂದೆರಡು ಸುತ್ತು ತಿರುಗಿಸುವಷ್ಟರಲ್ಲಿ ಬಿಟ್ಟುಬಿಡುತ್ತದೆ. ಅಂಗೈ ಉದ್ದಕ್ಕೂ ಉರುಳಿದರೆ ಕಡ್ಡಿ ಎಷ್ಟೋ ಸುತ್ತು ಸುತ್ತಿ ವೇಗ ತುಂಬಿಕೊಂಡು ಹೊರಡುತ್ತದೆ. ಹೆಬ್ಬೆರಳಿಗೆ ನೋವೇ ಇಲ್ಲ.

ಎರಡು ಅಂಗೈ ಉಜ್ಜುವ ಆ ಭಂಗಿ ನೋಡಿದರೆ ಯಾರಿಗಾದರೂ ಕಡಗೋಲೇ ನೆನಪಾಗುತ್ತದೆ. ಅಡುಗೆಮನೆಯಲ್ಲಿ ನಿಂತು ಮಜ್ಜಿಗೆ ಕಡೆಯುವ ಸಣ್ಣ ಕಡಗೋಲು. ಅಲ್ಲಿಗೆ ಕಥೆ ಸಿಕ್ಕಿತು. ಅಜ್ಜಿಗೆ ಬುಗುರಿ ಆಡುವ ಆಸೆ ಇದೆ, ಬೆರಳು ಕೇಳುವುದಿಲ್ಲ. ಆದರೆ ಮೊಮ್ಮಗನಿಗೆ ಗೊತ್ತಿಲ್ಲದ ಒಂದು ವಿದ್ಯೆ ಅವಳ ಅಂಗೈಯಲ್ಲಿ ಮೊದಲೇ ಇದೆ. ಅಜ್ಜಿ ಹಳೆಯದನ್ನು ಹೇಳಬೇಕಾಗಿಲ್ಲ, ಮಾಡಿದರೆ ಸಾಕು.

ಚನ್ನಪಟ್ಟಣಕ್ಕೂ ಹೋಗಿಬಂದೆ. ಮೈಸೂರು ರಸ್ತೆಯಲ್ಲಿ ಬೆಂಗಳೂರಿಂದ ಅರವತ್ತು ಕಿಲೋಮೀಟರು. ಅಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಬುಗುರಿ ಕಡೆಯುವುದನ್ನು ನಿಂತು ನೋಡಿದೆ. ಆಲೆ ಮರದ ತುಂಡು, ಬಿಳಿ, ಮೆದು, ಎಳೆ ಕಾಣದಷ್ಟು ನುಣುಪು. ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿ ಹಿಡಿದರೆ ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತದೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಕುಂಚ ಇಲ್ಲ, ಡಬ್ಬಿ ಇಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಬಳಿದುಕೊಳ್ಳುತ್ತದೆ. ಕೊನೆಗೆ ಒಣಗಿದ ಗರಿಯ ಪಟ್ಟಿ ಹಿಡಿದು ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಆ ಗರಿಗೆ ಅವರು ತಾಳೆಗರಿ ಅನ್ನುತ್ತಾರೆ. ಬುಗುರಿ ಮೈಮೇಲಿನ ಬಣ್ಣದ ಉಂಗುರಗಳು ಅಷ್ಟು ನೇರವಾಗಿರುವುದು ಯಾಕೆ ಅಂತ ಆಗ ಅರ್ಥವಾಯಿತು. ಕೈ ಸುಮ್ಮನೆ ಒಂದೇ ಕಡೆ ನಿಂತಿರುತ್ತದೆ, ಮರ ತಿರುಗುತ್ತಿರುತ್ತದೆ. ಒಳ್ಳೆಯ ಬುಗುರಿ ಅಲುಗದೆ ನಿಲ್ಲುವುದೂ ಇದಕ್ಕೇ. ಅದು ಹುಟ್ಟಿದ್ದೇ ತಿರುಗುತ್ತಾ. ಕಡ್ಡಿ, ಹೊಟ್ಟೆ, ತುದಿ ಮೂರೂ ಒಂದೇ ಮರದಲ್ಲಿ, ಒಂದೇ ಸಲ ಕಡೆದದ್ದಾದರೆ ನಡು ತಪ್ಪುವುದಿಲ್ಲ. ಕಡ್ಡಿಯನ್ನು ಬೇರೆ ಮಾಡಿ ಕೂರಿಸಿದ್ದರೆ ಒಂದು ಕೂದಲೆಳೆ ಓರೆಯಾದರೂ ಬುಗುರಿ ನಡುಗುತ್ತದೆ. ಕೊಳ್ಳುವಾಗ ಕಡ್ಡಿಯ ಬುಡ ನೋಡಿದರೆ ಸಾಕು, ಕೂಡಿಸಿದ ಗೆರೆ ಕಾಣುತ್ತದೆ.

ಇಷ್ಟೆಲ್ಲ ನೋಡಿಕೊಂಡು ಬಂದದ್ದರಲ್ಲಿ ಕಥೆಯೊಳಗೆ ಹೋದದ್ದು ಒಂದೇ ಒಂದು ವಾಕ್ಯ. ಉಳಿದದ್ದು ಕಥೆಯ ಕೆಳಗಿನ ಸಣ್ಣ ಬಾಕ್ಸಿಗೆ. ಕಥೆಯಲ್ಲಿ ಅಜ್ಜಿ ನಿಂತುಕೊಂಡು "ಕಂದ, ಇದು ಆಲೆ ಮರ, ಇದಕ್ಕೆ ಅರಗು ಹಚ್ತಾರೆ" ಅಂತ ಪಾಠ ಶುರು ಮಾಡಿದರೆ ಓದುವವರಿಗೆ ಅವಳು ಅಂಗಡಿಯ ಸಂಬಳದವಳು ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ಬರೆದದ್ದನ್ನು ನಮ್ಮ ಮೇಲಿನ ಮನೆಯ ಅಜ್ಜಿಗೆ ಓದಿ ಹೇಳಿದೆ. ಎಪ್ಪತ್ತು ದಾಟಿದವರು, ಈಗಲೂ ಐದು ಮೆಟ್ಟಿಲು ಗೊಂಬೆ ಕೂರಿಸುತ್ತಾರೆ. ಕೇಳಿಸಿಕೊಂಡು ಅವರು ಮೊದಲು ಕೇಳಿದ್ದು, "ನಿನ್ನ ಅಜ್ಜಿ ನೆಲದ ಮೇಲೆ ಹೇಗೆ ಕೂತ್ಲು?" ಅಂತ. ನೆಲದ ಮೇಲೆ ಬುಗುರಿ ಬಿಡಬೇಕಾದರೆ ಬಗ್ಗಬೇಕು, ಇಲ್ಲ ಮಂಡಿ ಮಡಚಿ ಕೂರಬೇಕು. "ಕೂತ್ರೆ ಏಳೋಕೆ ಇಬ್ರು ಬೇಕು ಕಣೆ. ಕುರ್ಚಿ ಮೇಲೆ ಕೂರ್ಸು." ಕುರ್ಚಿ ಸರಿ, ಬುಗುರಿ ಎಲ್ಲಿ ತಿರುಗುತ್ತದೆ? ಟೀಪಾಯಿ ಮೇಲೆ ಬಿಟ್ಟರೆ ಓಡಿಹೋಗಿ ಬೀಳುತ್ತದೆ. ಅವರೇ ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದು ಟೀಪಾಯಿ ಮೇಲಿಟ್ಟರು. ತಟ್ಟೆಗೆ ಅಂಚು ಇರುತ್ತದೆ, ಹಳೇ ತಟ್ಟೆಯಾದರೆ ನಡುವೆ ಸ್ವಲ್ಪ ತಗ್ಗೂ ಇರುತ್ತದೆ. ಬುಗುರಿ ಅಂಚಿನವರೆಗೆ ಹೋಗಿ ಮತ್ತೆ ನಡುವಿಗೆ ಬಂದು ನಿಂತಿತು. ಸ್ಟೀಲಿನ ಮೇಲೆ ಒಂದು ಗುಂಯ್ ಅನ್ನುವ ಸದ್ದು ಬೇರೆ. ನನ್ನ ನೆಲದ ದೃಶ್ಯವನ್ನು ಪೂರ್ತಿ ತೆಗೆದು ತಟ್ಟೆ ತಂದೆ.

ಅಚ್ಚಿಗೆ ಹೋದ ಕಥೆ ಇದು.

ಈ ವರ್ಷದ ಹೊಸ ಗೊಂಬೆ

ಪ್ರತಿ ವರ್ಷ ಒಂದು ಹೊಸ ಗೊಂಬೆ. ಅದು ಆ ಮನೆಯ ರೂಢಿ. ಹೋದ ವರ್ಷ ಯಶೋದೆ-ಕೃಷ್ಣ. ಅದರ ಹಿಂದಿನ ವರ್ಷ ವಾಲಗದವರ ಸೆಟ್ಟು.

ಈ ಸಲ ಅಜ್ಜಿ ಅಂಗಡಿಯಲ್ಲಿ ಎಲ್ಲ ನೋಡಿ, ಕೊನೆಗೆ ಕೆಳಗಿನ ಕಪಾಟಿನಿಂದ ಒಂದು ಬುಗುರಿ ಎತ್ತಿಕೊಂಡರು. ಕೆಂಪು, ಹಳದಿ, ಹಸಿರು ಉಂಗುರ. ಉದ್ದ ಕಡ್ಡಿ.

"ಮೊಮ್ಮಗನಿಗಾ ಅಮ್ಮ?" ಅಂದ ಅಂಗಡಿಯವನು.

"ಅಲ್ಲಪ್ಪ. ನಂಗೆ."

ಪಕ್ಕದಲ್ಲಿದ್ದ ಪುಟ್ಟ ಅಜ್ಜಿಯನ್ನೇ ನೋಡಿದ.

"ಅತ್ತೆ, ಬುಗುರಿ ಗೊಂಬೆ ಆಗುತ್ತಾ?" ಅಂದಳು ಸೊಸೆ, ಮೆಟ್ಟಿಲಿಗೆ ಬಿಳಿ ಪಂಚೆ ಹಾಸುತ್ತಾ.

"ಶೆಟ್ರ ಅಂಗಡಿ ಪಕ್ಕ ಇಡು. ಮಾರೋಕೆ ಇಟ್ಟಂಗಿರುತ್ತೆ."

ಪಾಡ್ಯದ ಸಂಜೆ ಬಂದ ಮಕ್ಕಳೆಲ್ಲ ಹೋದ ಮೇಲೆ ಅಜ್ಜಿ ಬುಗುರಿ ತೆಗೆದುಕೊಂಡರು. ಬೆರಳಲ್ಲಿ ತಿರುಗಿಸಿದರು. ಅರ್ಧ ಸುತ್ತು ಸುತ್ತಿ ಮಲಗಿತು. ಇನ್ನೊಂದು ಸಲ. ಹೆಬ್ಬೆರಳು ಚುರ್ ಅಂತು.

"ಹೀಗಲ್ಲ ಅಜ್ಜಿ. ಚಿಟಿಕೆ ಹೊಡೀಬೇಕು." ಪುಟ್ಟ ತಿರುಗಿಸಿದ. ಅವನದು ತಿರುಗಿತು. "ನೀನು ಚಿಕ್ಕವಳಿದ್ದಾಗ ಆಡ್ತಿರ್ಲಿಲ್ವಾ?"

"ಅಣ್ಣಂದಿರು ಆಡ್ತಿದ್ರು. ನಾನು ಎಣಿಸ್ತಿದ್ದೆ."

"ಏನು ಎಣಿಸ್ತಿದ್ದೆ?"

"ಯಾರ್ದು ಎಷ್ಟು ಹೊತ್ತು ನಿಲ್ಲುತ್ತೆ ಅಂತ."

ಬುಗುರಿ ಶೆಟ್ಟರ ಅಂಗಡಿ ಪಕ್ಕಕ್ಕೆ ವಾಪಸ್ಸು ಹೋಯಿತು.

ಬಿದಿಗೆಯ ಮಧ್ಯಾಹ್ನ ಅಜ್ಜಿ ಮಜ್ಜಿಗೆ ಕಡೆಯುತ್ತಿದ್ದರು. ಸಣ್ಣ ಪಾತ್ರೆ, ಸಣ್ಣ ಕಡಗೋಲು, ಎರಡು ಅಂಗೈ. ಕಡೆಯುತ್ತಾ ಕಡೆಯುತ್ತಾ ಕೈ ನಿಂತಿತು. ಕಡಗೋಲನ್ನು ಒಂದು ಸಲ ನೋಡಿದರು. ಮಜ್ಜಿಗೆ ಹಾಗೇ ಬಿಟ್ಟು ನಡುಮನೆಗೆ ಬಂದರು.

"ಪುಟ್ಟಾ, ಒಂದು ತಟ್ಟೆ ತಾ."

ಕುರ್ಚಿ ಮೇಲೆ ಕೂತು, ಟೀಪಾಯಿ ಮೇಲೆ ತಟ್ಟೆ ಇಟ್ಟು, ಬುಗುರಿಯ ಕಡ್ಡಿಯನ್ನು ಅಂಗೈ ನಡುವೆ ಹಿಡಿದರು. ಒಂದೇ ಸಲ ಉಜ್ಜಿ ಬಿಟ್ಟರು.

ಗುಂಯ್.

ತಿರುಗುತ್ತಿದ್ದರೂ ಉಂಗುರಗಳು ಕದಲದೆ ನಿಂತ ಹಾಗೆ ಕಂಡವು. ಬುಗುರಿ ತಟ್ಟೆಯ ಅಂಚಿಗೆ ಹೋಯಿತು. ನಡುವಿಗೆ ಬಂತು. ನಿಂತಿತು.

"ಎಣಿಸು," ಅಂದರು ಅಜ್ಜಿ.

ಪುಟ್ಟ ಎಣಿಸಿದ. ಅವನು ತಿರುಗಿಸಿದ್ದು ಇಪ್ಪತ್ತಕ್ಕೆ ಬಿದ್ದಿತ್ತು. ಇದು ಇಪ್ಪತ್ತು ದಾಟಿತು. ಮೂವತ್ತು ದಾಟಿತು. ಅವನು ಎಣಿಸುವುದು ಬಿಟ್ಟು ಅಮ್ಮನನ್ನು ಕರೆದ.

ತದಿಗೆಯ ಸಂಜೆ ಗೊಂಬೆ ನೋಡಲು ಬೀದಿಯ ಮಕ್ಕಳೆಲ್ಲ ಬಂದರು. ಎಲ್ಲರೂ ಟೀಪಾಯಿ ಸುತ್ತ ಕೂತರು. ಗೊಂಬೆಗಳ ಕಡೆ ಬೆನ್ನು ಹಾಕಿ.

ಇಲ್ಲಿಗೆ ಕಥೆ ಮುಗಿಯಿತು. ಯಜಮಾನರು ಮುಗಿಯಲಿಲ್ಲ ಅಂದರು. ಅಜ್ಜಿ ಮೊಮ್ಮಗನನ್ನು ಅಪ್ಪಿಕೊಳ್ಳಬೇಡವಾ? ಆಟಕ್ಕೆ ವಯಸ್ಸಿಲ್ಲ ಅಂತ ಒಂದು ಸಾಲು ಬೇಡವಾ? ನಾನು ಬೇಡ ಅಂದೆ. "ಎಣಿಸು" ಅನ್ನುವ ಒಂದು ಪದದಲ್ಲಿ ಎಲ್ಲ ಆಗಿಹೋಗಿದೆ. ಇಷ್ಟು ವರ್ಷ ಅವಳು ಎಣಿಸಿದಳು, ಈಗ ಇನ್ನೊಬ್ಬರು ಎಣಿಸುತ್ತಿದ್ದಾರೆ. ಅದರ ಮೇಲೆ ಅಪ್ಪುಗೆ ಹಾಕಿದರೆ ಓದುವವರಿಗೆ ಅರ್ಥವಾಗಿಲ್ಲವೇನೋ ಅಂತ ನಾವೇ ಅನುಮಾನ ಪಟ್ಟ ಹಾಗೆ. ಹುಡುಗಿಯಾದ ಕಾರಣ ಅವಳಿಗೆ ಬುಗುರಿ ಕೊಡುತ್ತಿರಲಿಲ್ಲ ಅನ್ನುವುದನ್ನೂ ಬಾಯಿಬಿಟ್ಟು ಹೇಳಿಲ್ಲ. ಒಂದು ಕರಡಿನಲ್ಲಿ "ಹೆಣ್ಮಕ್ಕಳಿಗೆಲ್ಲಿ ಕೊಡ್ತಿದ್ರು" ಅಂತ ಇತ್ತು. ಮೇಲಿನ ಮನೆಯ ಅಜ್ಜಿ ಅದನ್ನು ಕೇಳಿ ತಲೆ ಆಡಿಸಿದರು ಅಷ್ಟೇ. "ನಾನು ಎಣಿಸ್ತಿದ್ದೆ" ಅಂದಾಗ ಜೋರಾಗಿ ನಕ್ಕರು. ಹಾಗಾಗಿ ಅದು ಉಳಿಯಿತು, ಇದು ಹೋಯಿತು.

ಶೆಟ್ಟರ ಅಂಗಡಿಯ ಮಾತು ಸುಮ್ನೆ ನಗುವಿಗೆ ಹಾಕಿದ್ದಲ್ಲ. ಅಕ್ಕಿ ಬೇಳೆ ಇಟ್ಟುಕೊಂಡು ಕೂತ ಶೆಟ್ಟಿ-ಶೆಟ್ಟಮ್ಮ ಗೊಂಬೆ ಕೂರಿಸುವ ಮನೆಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಆ ಜಾಗ ಹೇಳಿದ ತಕ್ಷಣ ಗೊಂಬೆ ಕೂರಿಸುವವರಿಗೆ ಇಡೀ ಮೆಟ್ಟಿಲು ಕಣ್ಣ ಮುಂದೆ ಬರುತ್ತದೆ. ಮೆಟ್ಟಿಲು ಎಷ್ಟು, ಮೇಲೆ ಯಾರು, ಕೆಳಗೆ ಯಾರು ಅಂತ ವರ್ಣನೆ ಮಾಡಲು ನನ್ನ ಹತ್ತಿರ ಪದ ಇರಲಿಲ್ಲ. ಸೊಸೆಯ ಬಗ್ಗೆಯೂ ಒಂದು ಎಚ್ಚರ ಬೇಕಿತ್ತು. ಅಜ್ಜಿ ಇರುವ ಕಥೆಯಲ್ಲಿ ಸೊಸೆ ಬಂದರೆ ಅವಳು ಗೊಣಗುವವಳೇ ಆಗಿಬಿಡುತ್ತಾಳೆ. ಅಂಗಡಿಗೆ ಬಂದು ದುಡ್ಡು ಕೊಡುವವಳು ಅವಳು ಅನ್ನುವುದು ಹಾಗಿರಲಿ, ಕಥೆಗೂ ಅದು ಸವಕಲು. ಅದಕ್ಕೇ ಅವಳದು ಒಂದೇ ಪ್ರಶ್ನೆ, ಅದೂ ನಿಜವಾದ ಪ್ರಶ್ನೆ. ಬುಗುರಿ ಗೊಂಬೆ ಆಗುತ್ತಾ? ನನಗೂ ಗೊತ್ತಿಲ್ಲ.

ಜಾಸ್ತಿ ಚರ್ಚೆಯಾದದ್ದು ಕಥೆಯ ಬಗ್ಗೆ ಅಲ್ಲ, "ಸುರಕ್ಷಿತ" ಅನ್ನುವ ಪದದ ಬಗ್ಗೆ. ಅಜ್ಜಿಯ ಬಾಯಲ್ಲಿ "ಇದು ಮಕ್ಕಳಿಗೆ ಸುರಕ್ಷಿತವಾದ ಬಣ್ಣ, ಸರ್ಕಾರವೇ ಒಪ್ಪಿದೆ" ಅನ್ನಿಸಿ ಅಂತ ಯಜಮಾನರು ಹಟ ಹಿಡಿದರು. ಅದನ್ನು ಹಾಗೆ ಹೇಳುವ ಹಾಗಿಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ, ಜಿಐ ಅನ್ನುವ, ಊರಿನ ಹೆಸರು ಕಾಯುವ ನೋಂದಣಿಯ ಒಡೆಯರು ಮತ್ತು ಅಧಿಕೃತ ಬಳಕೆದಾರರು ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಕೊಟ್ಟಿದ್ದಾರೆ. ಚನ್ನಪಟ್ಟಣದ ಆಟಿಕೆಗೆ ಜಿಐ ಇದೆ. ಆದರೆ ವಿನಾಯಿತಿ ಅಂದರೆ ಪರೀಕ್ಷೆ ಮಾಡಿ ಪಾಸು ಮಾಡಿದ್ದಾರೆ ಅಂತ ಅಲ್ಲ, ಆ ಗುರುತು ಬೇಕಾಗಿಲ್ಲ ಅಂತ ಅಷ್ಟೇ. ಎರಡನ್ನೂ ಒಂದು ಮಾಡಿ ಬರೆದರೆ ನಾಳೆ ಯಾರಾದರೂ ಕೇಳಿದಾಗ ಉತ್ತರ ಇರುವುದಿಲ್ಲ. "ಬಣ್ಣ ಯಾವುದು ಅಂತ ಮಾಡಿದವರನ್ನೇ ಕೇಳಿ ಬರೆಯೋಣ ಸಾರ್, ಅಷ್ಟಕ್ಕೇ ನಿಲ್ಲಿಸೋಣ" ಅಂದೆ. ಚನ್ನಪಟ್ಟಣದಲ್ಲಿ ಅರಿಸಿನದಂಥ ಗಿಡಮೂಲದ ಬಣ್ಣ ಬೆರೆಸುವವರೂ ಇದ್ದಾರೆ, ಅಂಗಡಿಯಲ್ಲಿ ಸಿಗುವ ಪುಡಿ ಬಣ್ಣ ಬೆರೆಸುವವರೂ ಇದ್ದಾರೆ. ಊರಿನ ಹೆಸರೊಂದು ನೋಡಿ ಎಲ್ಲವೂ ನೈಸರ್ಗಿಕ ಅಂದುಬಿಡಲು ಆಗುವುದಿಲ್ಲ. ಯಜಮಾನರು ಫೋನ್ ಮಾಡಿ ಕೇಳಿ, ಈ ಬುಗುರಿಗೆ ಯಾವ ಬಣ್ಣ ಅಂತ ತಿಳಿದುಕೊಂಡರು. ಅದು ಬಾಕ್ಸಿಗೆ ಹೋಯಿತು.

ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಅನ್ನುವ ಮಾತನ್ನೂ ಕಥೆಯಲ್ಲಿ ತುರುಕಬೇಕು ಅನ್ನುವುದು ಅವರ ಇನ್ನೊಂದು ಆಸೆ. ಚನ್ನಪಟ್ಟಣದಲ್ಲಿ ಎಲ್ಲರೂ ಹೇಳುವ ಮಾತು ಅದು. ಬಾಕ್ಸಿನಲ್ಲಿ "ಎಂದು ಹೇಳುತ್ತಾರೆ" ಅಂತ ಸೇರಿಸಿ ಒಂದು ಸಾಲು ಹಾಕಿದೆ. ನವರಾತ್ರಿಯ ಮೆಟ್ಟಿಲ ಮೇಲೆ ಕೂರುವ ಎಷ್ಟೋ ಬೊಂಬೆಗಳು ಅಲ್ಲಿನ ಮುಸಲ್ಮಾನರ ಮನೆಯ ಲೇತಿನಿಂದ ಬಂದಿರುತ್ತವೆ. ಅದನ್ನೂ ಬರೆಯಬೇಕು ಅಂತ ನನಗಿತ್ತು. ಜಾಗ ಸಾಲಲಿಲ್ಲ.

ಕೊನೆಗೆ ಬಾಕ್ಸಿನಲ್ಲಿ ಉಳಿದದ್ದು ಹೀಗೆ. ಆಲೆ ಮರ, ಅರಗಿನ ಬಣ್ಣ, ಕಡೆದ ಊರು, ಬೆಲೆ. ಒಣ ಬಟ್ಟೆಯಲ್ಲಿ ಒರೆಸಿ. ಸ್ಯಾನಿಟೈಸರ್, ಸ್ಪಿರಿಟ್ ಹಚ್ಚಬೇಡಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬೇಡ, ಕಡ್ಡಿ ಉದ್ದ ಇದೆ. ನನ್ನ ಮೊದಲ ಕಥೆ ಹೀಗೆ ಒಂದು ಸಾಲಾಗಿ ಬಾಕ್ಸಿನ ಒಳಗೆ ಸೇರಿಕೊಂಡಿತು. ಅದಕ್ಕೆ ಯಜಮಾನರ ತಕರಾರು ಇರಲಿಲ್ಲ. ಸೂಚನೆಯಲ್ಲಿ ಬಂದಾಗ ಅದು ಆಟಿಕೆಯ ದೋಷ ಆಗುವುದಿಲ್ಲ, ಕಾಳಜಿ ಆಗುತ್ತದೆ.

ಅಚ್ಚಾದ ಹಾಳೆ ಚೆನ್ನಾಗಿಯೇ ಕೆಲಸ ಮಾಡಿತು. ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಒಂದು ಫಜೀತಿ. ಜನ ಕಥೆಯನ್ನಷ್ಟೇ ಕಾಪಿ ಮಾಡಿ ಮುಂದಕ್ಕೆ ಕಳಿಸಿದರು, ಬಾಕ್ಸು ಹಿಂದೆ ಉಳಿಯಿತು. ಹಾಗೆ ಓದಿದ ಕೆಲವರು ಬಂದು ಬುಗುರಿ ಅಂತ ಕೇಳಿ, ಮೋಟು ಕಡ್ಡಿಯದನ್ನು ಕೊಂಡು ಹೋದರು. ಆಮೇಲೆ ಅಂಗೈಯಲ್ಲಿ ನಿಲ್ಲುವುದಿಲ್ಲ ಅಂತ ವಾಪಸ್ಸು ತಂದರು. ನಿಲ್ಲುವುದಾದರೂ ಹೇಗೆ? ಕಡ್ಡಿ ಅಂಗೈ ಅಗಲಕ್ಕೆ ಸಿಗಬೇಕಲ್ಲ. "ಉದ್ದ ಕಡ್ಡಿ" ಅನ್ನುವ ಎರಡು ಪದ ಕಥೆಯಲ್ಲಿ ಇದ್ದವು. ಆದರೆ ಉದ್ದ ಅಂದರೆ ಎಷ್ಟು ಅಂತ ಕೊಳ್ಳುವವರು ಹೇಗೆ ಊಹಿಸುತ್ತಾರೆ? ದೀಪಾವಳಿಗೆ ಯಜಮಾನರು ಅದೇ ಕಥೆಯನ್ನು ಮತ್ತೆ ಕಳಿಸೋಣ ಅಂದರು. ಗೊಂಬೆ ಹಬ್ಬದ ಕಥೆ ದೀಪಾವಳಿಗೆ ಬೇಡ ಅಂತ ಒಪ್ಪಿಸಿ, ಮುಂದಿನ ದಸರಾಕ್ಕೆ ಎತ್ತಿಟ್ಟೆ. ಒಂದು ಸಾಲು ಮಾತ್ರ ಆಗಲೇ ತಿದ್ದಿ ಕಳಿಸಿದ್ದೇನೆ. "ಉದ್ದ ಕಡ್ಡಿ" ಇದ್ದ ಜಾಗದಲ್ಲಿ ಈಗ "ನಾಲ್ಕು ಬೆರಳಗಲದ ಕಡ್ಡಿ" ಅಂತ ಇದೆ.